ಮೂರು ಸಾಲ ಕೂಡಿಸಿ ಒಂದು ಮಾಡಿದ್ರ ಖರೇನೇ ಉಳಿತದೇನು?

ಕೇಳಿದವರು, ಕಲಬುರಗಿ
ಮೂರು ಸಾಲ ಅವ. ಬ್ಯಾಂಕಿನ ಪರ್ಸನಲ್ ಲೋನ್ ಬಾಕಿ 1,20,000, ಕಂತು 5,762, ಇನ್ನ 24 ತಿಂಗಳು. ಬೈಕ್ ಲೋನ್ ಬಾಕಿ 45,000, ಕಂತು 4,126, 12 ತಿಂಗಳು. ಮನಿಯವ್ರ ಹೆಸರಿನ ಗ್ರೂಪ್ ಸಾಲ 35,000, ಕಂತು 3,310, ಅದೂ 12 ತಿಂಗಳು. ಬ್ಯಾರೆ ಬ್ಯಾಂಕಿನವ್ರು 13 ಪರ್ಸೆಂಟಿಗೆ 2 ಲಕ್ಷ ಕೊಡ್ತೀವಿ, 60 ತಿಂಗಳು, ಕಂತು 4,551 ಅಂತಾರ. ಈಗ ಎಲ್ಲಾ ಕೂಡಿ 13,198 ಕಟ್ಟಲತ್ತೀನಿ. ಮಾಡ್ಲೇನು? ಅನುಭವ ಇದ್ದವ್ರು ಹೇಳ್ರಿ.

ಸೇಡಂ ರೋಡ್
ಮಾಡ್ರಿ, ವಿಚಾರ ಮಾಡಬ್ಯಾಡ್ರಿ. ಬೈಕಿಂದು 18, ಗ್ರೂಪಿಂದು 24 ಇರ್ತದ. ಎಲ್ಲಾ 13ಕ್ಕ ಬಂದ್ರ ಲುಕ್ಸಾನ ಆಗೋ ಮಾತೇ ಇಲ್ಲ. ನಂದಂತೂ ಇನ್ನೂ ಕಡಿಮಿ, ಫ್ಲಾಟ್ 9 ಪರ್ಸೆಂಟ್. ತಿಂಗಳಾ ಮೂರು ತಾರೀಖು ನೆನಪಿಡೋ ತ್ರಾಸಿಲ್ಲ, ಒಂದೇ ತಾರೀಖು, ಒಂದೇ ಕಂತು.

ಬೀದರ್ ಲೆಕ್ಕ
ಬಡ್ಡಿ ದರ ಇಳಿದ್ರೂ ಬಡ್ಡಿ ರೊಕ್ಕ ಏರ್ತದ, ಇಲ್ಲಿ ಅದೇ ಆಗ್ಲತ್ತದ. ಕಂತು ಬಿಡ್ರಿ, ಕಡೀತನ ಒಟ್ಟು ಎಷ್ಟು ಕಟ್ಟಬೇಕು ಅದು ನೋಡ್ರಿ. ಈಗಿನ ಮೂರೂ ಹಂಗೇ ಮುಗಿಸಿದ್ರ 1,38,288, 49,512, 39,720, ಕೂಡಿ 2,27,520. ಹೊಸಾದು 4,551ರಂಗ 60 ಕಂತು ಅಂದ್ರ 2,73,060. ಖರ್ಚು ಗಿರ್ಚು ಹಿಡೀದೇನೇ 45,540 ಜಾಸ್ತಿ.

ಕಾರಣ ಅವಧಿ. ಬೈಕಿಂದು, ಗ್ರೂಪಿಂದು ಒಂದೇ ವರ್ಷದಾಗ ತೀರೋ ಸಾಲ. ಅವನ್ನ ಐದು ವರ್ಷಕ್ಕ ಎಳದ್ರ 13 ಪರ್ಸೆಂಟೂ 24ಕ್ಕಿಂತ ತುಟ್ಟಿ ಬೀಳ್ತದ. 60 ಬ್ಯಾಡ, 24 ತಿಂಗಳಿಗೆ ತಗೋತೀನಿ ಅಂದ್ರೂ ಕಂತು 9,508, ಒಟ್ಟು 2,28,192. ಮೂರೂ ಹಳೇ ಸಾಲಕ್ಕಿಂತ ದರ ಕಡಿಮಿ ಇದ್ದೂ 672 ರೂಪಾಯಿ ಜಾಸ್ತಿನೇ ಹೋಗ್ತದ.

ಸೇಡಂ ರೋಡ್
ತಿಂಗಳಿಗೆ 8,647 ಕೈಯಾಗ ಉಳಿತದಲ್ರೀ, ಅದು ಲೆಕ್ಕಕ್ಕಿಲ್ಲೇನು? ಕಾಗದದ ಮ್ಯಾಲ ಕುಂತು ಹೇಳೋದು ಸಸಾರ. ತಿಂಗಳಾಖರಿ ಮನಿ ನಡೆಸೋರಿಗೇ ಗೊತ್ತು.

ಬೀದರ್ ಲೆಕ್ಕ
8,647 ಉಳಿಯೋದು ಮೊದಲ 12 ತಿಂಗಳು ಅಷ್ಟೇ. 13ನೇ ತಿಂಗಳಿಗೆ ಬೈಕು, ಗ್ರೂಪು ಎರಡೂ ತಾವೇ ತೀರಿ ಹಳೇ ಲೆಕ್ಕದಾಗ 5,762 ಒಂದೇ ಉಳಿತದ, ಅಲ್ಲಿಂದ ಉಳಿಕಿ ತಿಂಗಳಿಗೆ 1,211. 25ನೇ ತಿಂಗಳಿಂದ ಹಳೇದ್ರಾಗ ಏನೂ ಇಲ್ಲ, ಹೊಸಾದ್ರಾಗ ಇನ್ನೂ 36 ಕಂತು. ಎರಡು ವರ್ಷದಾಗ ಉಳಿಯೋದು 1,18,296, ಆಮ್ಯಾಲ ಕಟ್ಟೋದು 1,63,836.

ಮತ್ತ ನಿಮ್ಮ ಫ್ಲಾಟ್ 9 ಕಡಿಮಿ ಅಲ್ಲ. 2 ಲಕ್ಷಕ್ಕ ಐದು ವರ್ಷ ಫ್ಲಾಟ್ 9 ಅಂದ್ರ ಬಡ್ಡಿ 90,000, ಕಂತು 4,833. ಇವ್ರ 13ರ ಕಂತು 4,551. ಯಾವುದು ತುಟ್ಟಿ ನೀವೇ ನೋಡ್ರಿ. ಅಸಲು ಇಳದ್ರೂ ಪೂರಾ 2 ಲಕ್ಷದ ಮ್ಯಾಲ ಬಡ್ಡಿ ಹಿಡಿತಾರ, ಇಳಿಯೋ ಬಾಕಿ ಮ್ಯಾಲ ಹಿಡದ್ರ ಅದು ಸುಮಾರು 15.7.

ಸೇಡಂ ರೋಡ್
ನಂದು ನಾ ಕೇಳಿಲ್ಲ. ನನಗ ಪರವಡಿಸೇದ, ತಗೊಂಡೀನಿ.

ಶಹಾಪುರ ಅಕ್ಕ
ಇಬ್ರೂ ಕಂತಿಂದೇ ಜಗಳ ಆಡ್ಲತ್ತೀರಿ. ಖರೇ ಪೆಟ್ಟು ಬೀಳೋದು ರೊಕ್ಕ ಖಾತೆಗೆ ಬರೋ ದಿನ. 2 ಲಕ್ಷ ಮಂಜೂರು ಅಂದ್ರ 2 ಲಕ್ಷ ಕೈಗೆ ಬರಂಗಿಲ್ಲ. ಪ್ರೊಸೆಸಿಂಗ್ ಫೀ 2 ಪರ್ಸೆಂಟ್ ಇದ್ರ 4,000, ಅದರ ಜಿಎಸ್‌ಟಿ 720. ಇನ್ಶೂರೆನ್ಸ್ ಅಂತ 6,000 ಹಿಡದ್ರ ಬರೋದು 1,89,280. ಅತ್ಲಾಗ ಪರ್ಸನಲ್ ಲೋನ್ ಅರ್ಧಕ್ಕ ಮುಗಿಸ್ಲಾಕ 4 ಪರ್ಸೆಂಟ್ ಫೋರ್‌ಕ್ಲೋಜರ್ ಇದ್ರ ಜಿಎಸ್‌ಟಿ ಕೂಡಿ 5,664. ಕಟ್ಟಬೇಕಾದ್ದು 2,05,664, ಕೈಯಾಗಿರೋದು 1,89,280. ಕಡಿಮಿ ಬೀಳೋ 16,384 ಯಾರು ಕೊಡ್ತಾರ?

ನಂದ್ರಾಗ ಹಿಂಗೇ ಕಡಿಮಿ ಬಿದ್ದು ಗ್ರೂಪ್ ಸಾಲ ಮುಗೀಲೇ ಇಲ್ಲ. ಒಂದು ಮಾಡ್ಲಾಕ ಹೋಗಿ ಹೊಸಾದೂ ಹಳೇದೂ ಎರಡೂ ನಡದ್ವು. ಅದಕ್ಕ ಮೊದಲು ಮೂರೂ ಕಡಿಂದ ಫೋರ್‌ಕ್ಲೋಜರ್ ಸ್ಟೇಟ್‌ಮೆಂಟ್ ತಗೋರಿ. ಅದರ ಮ್ಯಾಲ ಇಂಥಾ ತಾರೀಖಿನ ತನಕ ಅಂತ ಬರದಿರ್ತದ, ಆ ದಿನ ದಾಟಿದ್ರ ದಿನಕ್ಕಿಷ್ಟು ಬಡ್ಡಿ ಏರ್ತದ.

ಬೀದರ್ ಲೆಕ್ಕ
ಅಕ್ಕೋರು ಹೇಳಿದ್ದು ಬರೋಬ್ಬರಿ ಅದ. ಆ ಕಡಿತ ಹಿಡದು ದರ ನೋಡಬೇಕಂದ್ರ ಎಕ್ಸೆಲ್‌ನಾಗ ಇದು ಹಾಕ್ರಿ. ಮೊದಲನೇದು ಕಂತು, ಎರಡನೇದು ಕೈಗೆ ಬಂದ ರೊಕ್ಕದ ಮ್ಯಾಲ ಬೀಳೋ ದರ.

```
=PMT(13%/12,60,-200000)
=RATE(60,-4551,189280)*12
```

13 ಅಂದದ್ದು ಸುಮಾರು 15.5 ಆಗ್ತದ. ಬ್ಯಾಂಕಿನವ್ರು ಇದನ್ನ ಬರದು ಕೊಡ್ಲೇಬೇಕು. 2024ರ ಅಕ್ಟೋಬರ್ 1ರಿಂದ ಮಂಜೂರಾಗೋ ಇಂಥಾ ಸಾಲಕ್ಕ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೊಡಬೇಕು ಅಂತ ಆರ್‌ಬಿಐ ಹೇಳ್ಯದ, ನಮಗ ತಿಳಿಯೋ ಭಾಷಾದಾಗ. ಅದರಾಗ ಎಪಿಆರ್ ಅಂತ ಇರ್ತದ, ಫೀ, ಇನ್ಶೂರೆನ್ಸ್ ಎಲ್ಲಾ ಅದ್ರೊಳಗ ಬರ್ತಾವ. ಬಾಯಿ ಮಾತಿನ 13 ಬಿಟ್ಟು ಅದು ಓದ್ರಿ.

ಚಿಂಚೋಳಿ ತೊಗರಿ
ಸೊಸೈಟಿ ಬೆಳೆ ಸಾಲ ಇದ್ರ ಇದ್ರಾಗ ಕೂಡಿಸಬ್ಯಾಡ್ರಿ ಅಂತ ನನ್ನ ಮಾತು. ಅದು ಶೂನ್ಯ ಬಡ್ಡಿದು, ವಾಯಿದಾಕ್ಕ ಕಟ್ಟಿದ್ರ ಆಯ್ತು. ನಮಗ ತಿಂಗಳಾ ಕಂತು ಅಂದ್ರೇ ಆಗಿ ಬರಂಗಿಲ್ಲ, ತೊಗರಿ ಮಾರಿದ ಮ್ಯಾಲೇ ರೊಕ್ಕ.

ಶಹಾಪುರ ಅಕ್ಕ
ಅಣ್ಣಾ, ಅವ್ರು ಬೆಳೆ ಸಾಲ ಅಂದೇ ಇಲ್ಲ.

ಚಿಂಚೋಳಿ ತೊಗರಿ
ಇಲ್ಲಾಂದ್ರ ಇಲ್ಲ. ಓದೋರು ಬ್ಯಾರೇಯವ್ರೂ ಇರ್ತಾರ.

ಸೇಡಂ ರೋಡ್
ಗ್ರೂಪ್ ಸಾಲ ನಡುಕ ಮುಗಿಸ್ಲಾಕ ಬಿಡಂಗಿಲ್ಲ, ದಂಡ ಹಾಕ್ತಾರ. ಇದು ಯಾರೂ ಹೇಳ್ಳಿಲ್ಲ.

ಬೀದರ್ ಲೆಕ್ಕ
ತಪ್ಪು. ಆರ್‌ಬಿಐದು 2022ರ ಮೈಕ್ರೋಫೈನಾನ್ಸ್ ನಿಯಮ ಅದ. ಮನಿ ವರ್ಷದ ಆದಾಯ 3 ಲಕ್ಷದೊಳಗಿದ್ದು ಅಡವು ಇಲ್ಲದ ಸಾಲ ಇದ್ರ, ಮೊದಲೇ ತೀರಿಸಿದ್ದಕ್ಕ ದಂಡ ಹಾಕಂಗಿಲ್ಲ. ಮೂರರಾಗ ಮೊದಲು ಮುಗಿಸಬೇಕಾದ್ದು ಇದೇ, ದರ ಜಾಸ್ತಿ, ಮುಗಿಸೋ ಖರ್ಚಿಲ್ಲ. ಮನಿಯಾಗ ಬಂಗಾರ ಇದ್ರ ಬ್ಯಾಂಕಿನ್ಯಾಗ ಅಡವಿಟ್ಟು ಇದೊಂದೇ ತೀರಿಸಿ, ಉಳಿದೆರಡು ಹಂಗೇ ನಡಸ್ರಿ.

ಶಹಾಪುರ ಅಕ್ಕ
ಬಂಗಾರ ಅಂತ ಗಂಡಸ್ರು ಸಸಾರ ಹೇಳಿಬಿಡ್ತೀರಿ. ಸಾಲ ಮನಿಯವ್ರ ಹೆಸರಿಗೆ, ಅಡವು ಬೀಳೋದೂ ಅವ್ರ ಕೊಳ್ಳಾಗಿಂದೇ. ಬಡ್ಡಿ ತಪ್ಪಿದ್ರ ಹರಾಜು. 35,000ಕ್ಕ ಅದು ಬ್ಯಾಡ.

ಬೀದರ್ ಲೆಕ್ಕ
ಒಂದು ವರ್ಷದ ಮಾತು, 24 ಕಟ್ಟೋದಕ್ಕಿಂತ ಮೇಲು ಅಂದೆ. ಬ್ಯಾಡಾದ್ರ ಬಿಡ್ರಿ.

ಕೇಳಿದವರು
ಹಾಂ, ಆದ್ರ ಈ ವರ್ಷ 13,198 ಹೊಂದಸೋದೇ ತ್ರಾಸಾಗ್ಯದ. ಎರಡು ಸಲ ಚೆಕ್ ಬೌನ್ಸ್ ಚಾರ್ಜ್ ಬಿದ್ದದ.

ಸೇಡಂ ರೋಡ್
ನೋಡ್ರಿ, ನಾ ಮೊದಲೇ ಅಂದಿದ್ದೆ!

ಬೀದರ್ ಲೆಕ್ಕ
ಹಂಗಿದ್ರ 36 ತಿಂಗಳಿಗೆ ಕೇಳ್ರಿ. ಕಂತು 6,739, ಒಟ್ಟು 2,42,604. ಈಗಿನಕ್ಕಿಂತ 15,084 ಜಾಸ್ತಿ, ಫೀ ಬ್ಯಾರೆ. ತಿಂಗಳಿಗೆ 6,459 ಹಗುರ ಆಗೋದಕ್ಕ ಅದು ಬೆಲಿ. 60 ತಿಂಗಳಿಗೆ ತಗೊಂಡು 45,540 ಜಾಸ್ತಿ ಕೊಡೋ ಜರೂರಿಲ್ಲ. ಇನ್ಶೂರೆನ್ಸ್ ತಗೊಂಡ್ರೇ ಸಾಲ ಅಂತಂದ್ರ ಬರದು ಕೊಡ್ರಿ ಅನ್ರಿ.

ಶಹಾಪುರ ಅಕ್ಕ
ಬರದು ಕೊಡಂಗಿಲ್ಲ, ಫೈಲ್ ಬಾಜೂಕ ಇಡ್ತಾರ. ಮತ್ತ ತೀರಿಸಿದ ಮ್ಯಾಲ ಮೂರೂ ಕಡಿ ಎನ್‌ಒಸಿ ತಗೋರಿ. ಹಳೇ ಇಸಿಎಸ್ ರದ್ದಾಗೇದೋ ಇಲ್ಲೋ ಪಾಸ್‌ಬುಕ್ಕಿನ್ಯಾಗ ನೋಡ್ರಿ, ಇಲ್ಲಾಂದ್ರ ತೀರಿದ ಸಾಲದ ಕಂತೂ ಮತ್ತೊಮ್ಮಿ ಹೊಡಿತದ. ಬೈಕಿನ ಎನ್‌ಒಸಿ, ಫಾರ್ಮ್ 35 ಹಿಡ್ಕೊಂಡು ಆರ್‌ಟಿಓಕ್ಕ ಹೋಗಿ ಆರ್‌ಸಿ ಮ್ಯಾಲಿನ ಫೈನಾನ್ಸ್ ಹೆಸರು ತಗಸ್ರಿ.

ಸೇಡಂ ರೋಡ್
ಫಾರ್ಮ್ 35 ಆಮ್ಯಾಲ ನೋಡೋಣು. 36 ತಿಂಗಳ 6,739 ತಪ್ಪಿದ್ರ ಬೀದರದವ್ರು ಬಂದು ಕಟ್ತಾರೇನು?

ಬೀದರ್ ಲೆಕ್ಕ
60 ತಗೊಂಡು ಕೈ ಹಗುರಾದಾಗ ನಡುಕ ಮುಗಿಸೋ ವಿಚಾರ ಇದ್ರ, ಈ ಹೊಸ ಸಾಲದ್ದೂ ಫೋರ್‌ಕ್ಲೋಜರ್ ಎಷ್ಟು ಅಂತ ಸಹಿ ಮಾಡೋಕಿಂತ ಮೊದಲೇ ಕೇಳ್ರಿ. ದರ ಫಿಕ್ಸೆಡ್ ಇದ್ರ ಅದೂ ಬೀಳಬಹುದು.