ಪದಚರ್ಚೆ: ಯಾವುದರ ‘ಮೇಲೆ’ ಯಾವುದು? ರಿಗ್ರೆಷನ್, ಬೀಟಾ ಮತ್ತು ‘ಈಕ್ವಿಟಿ ವೆಚ್ಚ’

ಬಳ್ಳಾರಿಯಿಂದ, ಅನುವಾದಕಿ

ಎಲ್ಲರಿಗೂ ನಮಸ್ಕಾರ. ಕೊಪ್ಪಳದ ಬಳಿ ಸ್ಪಾಂಜ್ ಐರನ್ ಘಟಕ ನಡೆಸುವ ಮೂವರು ಅಣ್ಣತಮ್ಮಂದಿರು ಪಾಲಾಗುತ್ತಿದ್ದಾರೆ. ಕಿರಿಯವರು ತಮ್ಮ ಷೇರುಗಳನ್ನು ಅಣ್ಣಂದಿರಿಗೆ ಬಿಟ್ಟುಕೊಟ್ಟು ಹೊರಬರುತ್ತಾರೆ. ಕಂಪನಿಯ ಮೌಲ್ಯ ಎಷ್ಟೆಂಬ ಇಂಗ್ಲಿಷ್ ವರದಿಯನ್ನು ಅವರ ತಾಯಿಯವರೂ ಓದಬೇಕೆಂದು ನನ್ನಿಂದ ಕನ್ನಡಕ್ಕೆ ಮಾಡಿಸಿದರು. ನನ್ನ ಒಂದು ವಾಕ್ಯದಿಂದ ಮನೆಯಲ್ಲಿ ಜಗಳವಾಗಿದೆ. ಅದಕ್ಕಾಗಿಯೇ ಬರೆಯುತ್ತಿದ್ದೇನೆ. ಅವರ ಒಪ್ಪಿಗೆಯಿಂದ ಅಂಕಿಗಳನ್ನು ದುಂಡಾಗಿಸಿ ಕೊಡುತ್ತೇನೆ.

ನಾನು ಬರೆದ ವಾಕ್ಯ ಇದು: ‘ಷೇರಿನ ಪ್ರತಿಫಲವನ್ನು ಮಾರುಕಟ್ಟೆಯ ಪ್ರತಿಫಲದ ಮೇಲೆ ಹಿಂಜರಿಸಿ ಬೀಟಾ ಪಡೆಯಲಾಗಿದೆ, ಅದರಿಂದ ಈಕ್ವಿಟಿ ವೆಚ್ಚ ಶೇ 14.8 ಎಂದು ಬಂದಿದೆ.’

ಘಟಕ ಷೇರುಪೇಟೆಯಲ್ಲಿಲ್ಲ. ಆದ್ದರಿಂದ ಸಾಲದ ಪ್ರಮಾಣ ಹೆಚ್ಚುಕಡಿಮೆ ಇಷ್ಟೇ ಇರುವ, ಪೇಟೆಯಲ್ಲಿರುವ ಒಂದು ಉಕ್ಕು ಕಂಪನಿಯ 60 ತಿಂಗಳ ಪ್ರತಿಫಲವನ್ನು ವರದಿಯಲ್ಲಿ ಬಳಸಿದ್ದಾರೆ. ವರದಿಯ ಬೀಟಾ, ಅಂದರೆ ಮಾರುಕಟ್ಟೆ ಏರಿಳಿದಾಗ ಷೇರು ಅದರ ಎಷ್ಟು ಪಟ್ಟು ಏರಿಳಿಯುತ್ತದೆ ಎಂಬ ಅಳತೆ, 1.30. ಕಿರಿಯವರ ಲೆಕ್ಕ ನೋಡುವ ಹುಡುಗ ನನ್ನ ಕನ್ನಡ ಓದಿಕೊಂಡು, ಅದೇ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿದರೆ 0.25 ಬಂತು! ಈಗ ಕಿರಿಯವರು ‘ನನ್ನ ಪಾಲು ತಗ್ಗಿಸಲು ಬೀಟಾ ಉಬ್ಬಿಸಿದ್ದಾರೆ’ ಎನ್ನುತ್ತಿದ್ದಾರೆ. ತಾಯಿಯವರ ಪ್ರಶ್ನೆ ಬೇರೆಯದು: ‘ಈ ವೆಚ್ಚವನ್ನು ಯಾರಿಗೆ ಕೊಟ್ಟರು? ಖಾತೆ ಪುಸ್ತಕದಲ್ಲಿ ಎಲ್ಲಿದೆ?’

ಇಂಗ್ಲಿಷಿನ ರಿಗ್ರೆಷನ್‌ಗೆ ‘ಹಿಂಜರಿಸಿ’ ಎಂಬುದು ಸರಿಯೇ? ‘ಈಕ್ವಿಟಿ ವೆಚ್ಚ’ಕ್ಕೆ ಬೇರೆ ಮಾತಿದೆಯೇ?

ರಾಯಚೂರಿನಿಂದ, ನಿವೃತ್ತ ಗಣಿತ ಅಧ್ಯಾಪಕ

ತಂಗಿ, ‘ಹಿಂಜರಿತ’ವನ್ನು ಮೊದಲು ತೆಗೆದುಹಾಕು. ಪತ್ರಿಕೆಗಳಲ್ಲಿ ‘ಆರ್ಥಿಕ ಹಿಂಜರಿತ’ ಎಂದರೆ ವ್ಯಾಪಾರ ವಹಿವಾಟು ಕುಸಿದ ಕಾಲ. ‘ಹಿಂಜರಿಸಿ ಪಡೆದ ಬೀಟಾ’ ಎಂದರೆ ಮಂದಿ, ಕೆಟ್ಟ ಕಾಲದ ಬೀಟಾ ಎಂದುಕೊಳ್ಳುತ್ತಾರೆ.

ಆ ಪದ ಹುಟ್ಟಿದ್ದೇ ಬೇರೆ ಕಡೆ. ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿಯ ಎತ್ತರ, ಮಕ್ಕಳ ಎತ್ತರ ಎರಡನ್ನೂ ಹೋಲಿಸಿದ. ಬಹಳ ಎತ್ತರದವರ ಮಕ್ಕಳು ಎತ್ತರವೇ, ಆದರೆ ಅಷ್ಟಲ್ಲ. ಸರಾಸರಿಯ ಕಡೆಗೆ ಮರಳುತ್ತಾರೆ. ಆ ಮರಳುವಿಕೆಗೆ ಇಟ್ಟ ಹೆಸರು, ಎರಡು ಅಳತೆಗಳ ನಡುವೆ ಗೆರೆ ಎಳೆಯುವ ವಿಧಾನಕ್ಕೇ ಅಂಟಿಕೊಂಡಿತು. ಷೇರಿನ ಲೆಕ್ಕದಲ್ಲಿ ಯಾವುದೂ ಹಿಂದೆ ಸರಿಯುವುದಿಲ್ಲ. ‘ಸಹಸಂಬಂಧ’ ಎಂದು ಬರೆದರೆ ಸಾಕು. ಅದರಲ್ಲಿ ಯಾವುದು ಮೊದಲು, ಯಾವುದು ನಂತರ ಎಂಬ ಪ್ರಶ್ನೆಯೇ ಇಲ್ಲ. ಹುಡುಗನ 0.25 ಎಲ್ಲೋ ಕೂಡುವ ತಪ್ಪಿರಬೇಕು.

ಬಳ್ಳಾರಿಯಿಂದ, ಲೆಕ್ಕಪರಿಶೋಧಕ

ಮೇಷ್ಟ್ರ ಮಾತಿನ ಮೊದಲರ್ಧವನ್ನು ಪೂರ್ತಿ ಒಪ್ಪುತ್ತೇನೆ. ಎರಡನೆಯದನ್ನು ಒಪ್ಪಲಾರೆ. ಹುಡುಗ ಕೂಡುವುದರಲ್ಲಿ ತಪ್ಪಿಲ್ಲ; ಮೇಡಂ ಬರೆದ ಕನ್ನಡವನ್ನು ಕನ್ನಡದವನಂತೆಯೇ ಓದಿದ್ದಾನೆ. ತೊಡಕಿರುವುದು ‘ಹಿಂಜರಿಸಿ’ಯಲ್ಲಿ ಅಲ್ಲ, ಅದರ ಹಿಂದಿನ ‘ಮೇಲೆ’ಯಲ್ಲಿ.

ನಾವು ‘ಬೆಳೆಯ ಮೇಲೆ ಮಳೆಯ ಪರಿಣಾಮ’ ಎನ್ನುತ್ತೇವೆ. ಬದಲಾಗುವುದು ಬೆಳೆ, ‘ಮೇಲೆ’ ಅಂಟಿರುವುದೂ ಬೆಳೆಗೆ. ಇಂಗ್ಲಿಷಿನ ಸಂಖ್ಯಾಶಾಸ್ತ್ರದ ರೂಢಿ ಇದಕ್ಕೆ ತಿರುಗುಮುರುಗು: ಅಲ್ಲಿ ‘ಮಳೆಯ ಮೇಲೆ ಬೆಳೆಯನ್ನು’ ಹಾಕುತ್ತಾರೆ, ‘ಮೇಲೆ’ ಕಾರಣದ ಕಡೆಗೆ ಅಂಟುತ್ತದೆ. ಮೇಡಂ ಅದನ್ನು ಹಾಗೆಯೇ ಇಳಿಸಿದರು. ‘ಮಾರುಕಟ್ಟೆಯ ಮೇಲೆ’ ಎಂದು ಕಂಡ ಹುಡುಗ, ಪರಿಣಾಮ ಆಗುವುದು ಮಾರುಕಟ್ಟೆಗೆ ಎಂದು ತಿಳಿದ. ಮಾಡಬೇಕಾದದ್ದು ಹೀಗೆ:

```
=SLOPE(B2:B61, A2:A61)
```

`A` ಕಂಬದಲ್ಲಿ ಮಾರುಕಟ್ಟೆ ಸೂಚ್ಯಂಕದ ತಿಂಗಳ ಪ್ರತಿಫಲ, `B`ಯಲ್ಲಿ ಷೇರಿನದು. ಪರಿಣಾಮಕ್ಕೆ ಒಳಗಾಗುವುದು ಮೊದಲು, ಅಂದರೆ `B`. ಅವನು `A` ಮೊದಲು ಹಾಕಿರಬೇಕು. ಸಿಕ್ಕಿದ್ದು ಇನ್ನೊಂದು ಪ್ರಶ್ನೆಗೆ ಉತ್ತರ: ಈ ಒಂದು ಷೇರು ನೂರಕ್ಕೆ ಒಂದು ಏರಿದ ತಿಂಗಳು ಇಡೀ ಮಾರುಕಟ್ಟೆ ಸರಾಸರಿ ಎಷ್ಟು ಏರಿತ್ತು? ಉತ್ತರ ಕಾಲು ಭಾಗ. ನಮಗೆ ಬೇಕಾದದ್ದು ಮಾರುಕಟ್ಟೆ ಒಂದು ಏರಿದರೆ ಷೇರು ಎಷ್ಟು ಎಂಬುದು. ಅದು 1.30.

ಇದನ್ನು ಊಹೆಯಿಂದ ಹೇಳುತ್ತಿಲ್ಲ, ಪರೀಕ್ಷಿಸಬಹುದು. ನೇರ ಗೆರೆಯ ಇಳಿಜಾರನ್ನೂ ತಿರುಗಿಸಿದ ಗೆರೆಯ ಇಳಿಜಾರನ್ನೂ ಗುಣಿಸಿದರೆ ಸಹಸಂಬಂಧದ ವರ್ಗ ಬರಬೇಕು. 1.30 ಮತ್ತು 0.25ರ ಗುಣಲಬ್ಧ ಸುಮಾರು 0.32. ಮೇಡಂ, ವರದಿಯ ಕೊನೆಯ ಕೋಷ್ಟಕದಲ್ಲಿ `R²` ಎಂದು ಎಷ್ಟಿದೆ ನೋಡಿ. ಮೇಷ್ಟ್ರೇ, ಆ 0.32 ಯಾವ ಕಡೆಯಿಂದ ನೋಡಿದರೂ ಒಂದೇ, ಅಷ್ಟರಮಟ್ಟಿಗೆ ನಿಮ್ಮ ಮಾತು ನಿಜ. ಆದರೆ ಬೀಟಾದಲ್ಲಿ ಸಹಸಂಬಂಧದ ಜೊತೆಗೆ, ಷೇರಿನ ಏರಿಳಿತ ಮಾರುಕಟ್ಟೆಯದರ ಎಷ್ಟು ಪಟ್ಟು ಎಂಬುದೂ ಸೇರಿದೆ. ಅದಕ್ಕೆ ದಿಕ್ಕಿದೆ.

ಬಳ್ಳಾರಿಯಿಂದ, ಅನುವಾದಕಿ

ಸರ್, ಕೋಷ್ಟಕ ತೆಗೆದು ನೋಡಿದೆ. 0.32 ಎಂದೇ ಇದೆ. ಹುಡುಗನಿಗೆ ಫೋನ್ ಮಾಡಿದೆ. ಅವನು ಮಾರುಕಟ್ಟೆಯನ್ನೇ ಮೊದಲು ಹಾಕಿದ್ದಾನೆ. ಒಂದು ವಿಭಕ್ತಿಯ ಬೆಲೆ ಎಷ್ಟೆಂದು ತಿಳಿಯಲು ಕೇಳುತ್ತೇನೆ: 0.25 ಹಾಕಿದ್ದರೆ ಪಾಲಿನಲ್ಲಿ ಎಷ್ಟು ವ್ಯತ್ಯಾಸವಾಗುತ್ತಿತ್ತು?

ಬಳ್ಳಾರಿಯಿಂದ, ಲೆಕ್ಕಪರಿಶೋಧಕ

ವರದಿಯ ಲೆಕ್ಕ ಸರಳ. ಸರ್ಕಾರಿ ಸಾಲಪತ್ರದ ಪ್ರತಿಫಲ ಶೇ 7 ಎಂದು ಹಿಡಿದಿದ್ದಾರೆ. ಷೇರುಪೇಟೆಯ ಅಪಾಯಕ್ಕಾಗಿ ಅದರ ಮೇಲೆ ಶೇ 6 ಹೆಚ್ಚು ಬೇಕೆಂದು ಹಿಡಿದಿದ್ದಾರೆ. ಆ 6ಕ್ಕೆ 1.30 ಗುಣಿಸಿದರೆ 7.8; 7 ಕೂಡಿದರೆ 14.8. ಬೀಟಾ 0.25 ಆದರೆ 7 ಮತ್ತು 1.5, ಒಟ್ಟು 8.5.

ಷೇರುದಾರರಿಗೆ ವರ್ಷಕ್ಕೆ 1 ಕೋಟಿ ಉಳಿಯುತ್ತದೆ, ಮುಂದೆ ಹೆಚ್ಚುವುದೂ ಇಲ್ಲ ಕಡಿಮೆಯಾಗುವುದೂ ಇಲ್ಲ ಎಂದುಕೊಳ್ಳಿ. ಶೇ 14.8ರಿಂದ ಭಾಗಿಸಿದರೆ ಕಂಪನಿಯ ಮೌಲ್ಯ ಸುಮಾರು 6.76 ಕೋಟಿ. ಶೇ 8.5ರಿಂದ ಭಾಗಿಸಿದರೆ 11.76 ಕೋಟಿ. ಐದು ಕೋಟಿಯ ಅಂತರ. ಅಣ್ಣತಮ್ಮಂದಿರು ಜಗಳವಾಡದೆ ಇನ್ನೇನು ಮಾಡುತ್ತಾರೆ?

ಸೂತ್ರ ಗೊತ್ತಿಲ್ಲದವರೂ ಈ ತಪ್ಪನ್ನು ಹಿಡಿಯಬಹುದು. 8.5 ಎಂಬುದು ಆ ಘಟಕ ಬ್ಯಾಂಕಿಗೆ ಕಟ್ಟುವ ಬಡ್ಡಿಗಿಂತ ಕಡಿಮೆಯಿದೆಯೇ ನೋಡಿ. ಅಡಮಾನ ಇಟ್ಟುಕೊಂಡು, ಮೊದಲು ಹಣ ಎಣಿಸಿಕೊಳ್ಳುವ ಬ್ಯಾಂಕಿಗಿಂತ, ಎಲ್ಲರಿಗೂ ಕೊಟ್ಟು ಉಳಿದರೆ ಪಡೆಯುವ ಷೇರುದಾರ ಕಡಿಮೆಗೆ ಒಪ್ಪುತ್ತಾನೆಂದು ಲೆಕ್ಕ ಹೇಳಿದರೆ, ಲೆಕ್ಕವನ್ನು ಮತ್ತೆ ತೆರೆದು ನೋಡಬೇಕು.

ಗಂಗಾವತಿಯಿಂದ, ಅಕ್ಕಿ ಗಿರಣಿಯವರು

ಅಕ್ಕನವರೆ, ನನಗೆ ಅರ್ಥವಾದದ್ದು ‘ವೆಚ್ಚ’ದ ಪ್ರಶ್ನೆ. ಬ್ಯಾಂಕಿನವರು ಸಾಲ ಕೊಡುವಾಗ ನಮ್ಮಿಂದ ಕೇಳುವ ಮಾರ್ಜಿನ್ ಹಣವೇ ತಾನೇ ಇದು? ನಮ್ಮ ತಂದೆಯವರು ಗಿರಣಿಗೆ ಹಾಕಿದ ಸ್ವಂತ ಹಣಕ್ಕೂ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಹಿಡಿಯುತ್ತಿದ್ದರು. ಯಾರಿಗೂ ಕೊಡುತ್ತಿರಲಿಲ್ಲ, ಚೀಟಿಯಲ್ಲಿ ಬರೆದು, ಅದನ್ನು ಕಳೆದ ಮೇಲೆ ಉಳಿದರೆ ಮಾತ್ರ ಲಾಭ ಎನ್ನುತ್ತಿದ್ದರು. ‘ಮನೆ ದುಡ್ಡಿನ ಬಡ್ಡಿ’ ಎಂದು ಬರೆಯಿರಿ, ತಾಯಿಯವರಿಗೆ ತಿಳಿಯುತ್ತದೆ.

ಇನ್ನೊಂದು ಮಾತು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ನಮಗೆಲ್ಲ ನಿದ್ದೆ ಇರಲಿಲ್ಲ. ಕಾಲುವೆಗೆ ನೀರಿಲ್ಲದಿದ್ದರೆ ಭತ್ತವಿಲ್ಲ, ಭತ್ತವಿಲ್ಲದಿದ್ದರೆ ಗಿರಣಿಯಿಲ್ಲ. ನಿಮ್ಮ ಬೀಟಾದಲ್ಲಿ ಆ ಭಯ ಸೇರುತ್ತದೆಯೇ?

ಬಳ್ಳಾರಿಯಿಂದ, ಲೆಕ್ಕಪರಿಶೋಧಕ

ಮಾರ್ಜಿನ್ ಹಣ ಎಂದರೆ ನೀವು ಹಾಕಬೇಕಾದ ಮೊತ್ತ. ಇಲ್ಲಿ ಕೇಳುತ್ತಿರುವುದು ಆ ಮೊತ್ತ ದುಡಿಯಬೇಕಾದ ದರ. ಆದರೆ ನಿಮ್ಮ ತಂದೆಯವರ ಚೀಟಿಯಲ್ಲಿದ್ದದ್ದು ಅದೇ. ನನಗೆ ತೊಡಕೆನಿಸುವುದು ‘ಬಡ್ಡಿ’ ಮಾತ್ರ: ಬಡ್ಡಿ ಎಂದರೆ ಕೊಡುತ್ತೇನೆಂದು ಒಪ್ಪಿದ್ದು, ಷೇರುದಾರನಿಗೆ ಅಂಥ ಮಾತು ಯಾರೂ ಕೊಟ್ಟಿರುವುದಿಲ್ಲ.

ಗೇಟಿನ ಭಯ ಬೀಟಾದಲ್ಲಿ ಬಹುಮಟ್ಟಿಗೆ ಸೇರುವುದಿಲ್ಲ. ಅರ್ಥಶಾಸ್ತ್ರಜ್ಞ ವಿಲಿಯಂ ಶಾರ್ಪ್ 1964ರಲ್ಲಿ ಬೀಟಾದಿಂದ ದರ ಕಟ್ಟುವ ಈ ಮಾದರಿಯನ್ನು ಮುಂದಿಟ್ಟಾಗ ಹಿಡಿದ ಹೂಡಿಕೆದಾರ, ಹಣವನ್ನು ಎಲ್ಲ ಕಡೆ ಹಂಚಿಟ್ಟವನು. ಒಂದು ಜಲಾಶಯ ಖಾಲಿಯಾದರೆ ಅವನ ನೂರು ಷೇರುಗಳಲ್ಲಿ ಒಂದಕ್ಕೆ ಪೆಟ್ಟು. ಅದಕ್ಕೆ ಅವನು ಹೆಚ್ಚಿನ ಪ್ರತಿಫಲ ಕೇಳುವುದಿಲ್ಲ. ಇಡೀ ಮಾರುಕಟ್ಟೆಯೊಂದಿಗೆ ಕುಸಿಯುವ ಭಾಗಕ್ಕೆ ಮಾತ್ರ ಕೇಳುತ್ತಾನೆ, ಬೀಟಾ ಅಳೆಯುವುದು ಅದನ್ನೇ. ನಿಮ್ಮ ಮನೆಯ ಸರ್ವಸ್ವವೂ ಒಂದೇ ಗಿರಣಿಯಲ್ಲಿದೆ. ನಿಮ್ಮ ತಂದೆಯವರು ವರ್ಷಕ್ಕೆ 24 ಹಿಡಿದದ್ದು ತಪ್ಪೆಂದು ನಾನು ಹೇಳಲಾರೆ. ಕೊಪ್ಪಳದ ಕುಟುಂಬಕ್ಕೂ ಇದೇ ಪ್ರಶ್ನೆ ಇದೆ. ಕೆಲವು ಮೌಲ್ಯಮಾಪಕರು ಇದಕ್ಕಾಗಿ ದರಕ್ಕೆ ಎರಡು ಮೂರು ಅಂಶ ಸೇರಿಸುತ್ತಾರೆ. ಎಷ್ಟು ಸೇರಿಸಬೇಕೆಂದು ಮಾದರಿ ಹೇಳುವುದಿಲ್ಲ, ಅದು ಅವರ ಅಂದಾಜು.

ರಾಯಚೂರಿನಿಂದ, ನಿವೃತ್ತ ಗಣಿತ ಅಧ್ಯಾಪಕ

ದಿಕ್ಕಿನ ವಿಷಯದಲ್ಲಿ ನನ್ನದು ತಪ್ಪು, ಒಪ್ಪಿದೆ. ಒಂದು ಕೇಳುತ್ತೇನೆ. ಗುಣಲಬ್ಧ 0.32 ಎಂದರೆ ಷೇರಿನ ಏರಿಳಿತದ ಮೂರನೆಯ ಒಂದು ಭಾಗವಷ್ಟೇ ಮಾರುಕಟ್ಟೆಯಿಂದ ಬಂದದ್ದು. ಅಷ್ಟು ಚದುರಿದ ಚುಕ್ಕೆಗಳ ನಡುವೆ ಎಳೆದ ಗೆರೆಯನ್ನು ನಂಬಿ 1.30 ಎಂದು ಎರಡು ದಶಮಾಂಶ ಹೇಗೆ ಬರೆದರು?

ಬಳ್ಳಾರಿಯಿಂದ, ಲೆಕ್ಕಪರಿಶೋಧಕ

ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. 60 ತಿಂಗಳು, 0.32 ಎಂದರೆ ಆ ಇಳಿಜಾರಿನ ಪ್ರಮಾಣಿತ ದೋಷ ಸುಮಾರು 0.25. ಅದರ ಎರಡು ಪಟ್ಟು ಆಚೆ ಈಚೆ ಹೋದರೆ ಬೀಟಾ 0.8ರಿಂದ 1.8ರ ನಡುವೆ ಎಲ್ಲಿಯಾದರೂ ಇರಬಹುದು. ದರ 11.8ರಿಂದ 17.8. ವರದಿಯಲ್ಲಿ 14.8 ಎಂಬ ಒಂದೇ ಅಂಕಿ ಅಷ್ಟು ಗಟ್ಟಿಯಾಗಿ ನಿಂತಿರುವುದು ನನಗೂ ಇಷ್ಟವಿಲ್ಲ. ಒಂದೇ ಕಂಪನಿಯ ಬದಲು ನಾಲ್ಕೈದು ಉಕ್ಕು ಕಂಪನಿಗಳ ಬೀಟಾ ತೆಗೆದು, ಅವುಗಳ ಸಾಲದ ವ್ಯತ್ಯಾಸ ಸರಿಪಡಿಸಿ ಸರಾಸರಿ ಹಿಡಿದಿದ್ದರೆ ಈ ಅಲುಗಾಟ ಕಡಿಮೆಯಾಗುತ್ತಿತ್ತು.

ನಿಮ್ಮ ಗಾಲ್ಟನ್ ಇಲ್ಲಿ ಮತ್ತೆ ಬರುತ್ತಾನೆ. ಹೆಚ್ಚಿನ ಬೀಟಾ ಇರುವ ಷೇರುಗಳು ಮುಂದಿನ ವರ್ಷಗಳಲ್ಲಿ 1ರ ಕಡೆಗೆ ಸರಿಯುತ್ತವೆ ಎಂದು ಮಾರ್ಷಲ್ ಬ್ಲೂಮ್ 1970ರ ದಶಕದಲ್ಲಿ ತೋರಿಸಿದರು. ಆದ್ದರಿಂದ ಸಿಕ್ಕ ಬೀಟಾದ ಮೂರರಲ್ಲಿ ಎರಡು ಭಾಗಕ್ಕೆ 1ರ ಮೂರರಲ್ಲಿ ಒಂದು ಭಾಗ ಸೇರಿಸುವ ರೂಢಿ ಇದೆ. 1.30 ಆಗ 1.20 ಆಗುತ್ತದೆ, ದರ 14.2. ‘ಮರಳುವಿಕೆ’ ಎಂಬ ಪದವನ್ನು ಈ ಹೆಜ್ಜೆಗೆ ಕಾದಿರಿಸಿ.

ಬಳ್ಳಾರಿಯಿಂದ, ಅನುವಾದಕಿ

ತಿದ್ದಿದ ವಾಕ್ಯ ಇದು: ‘ಮಾರುಕಟ್ಟೆಯ ಏರಿಳಿತಕ್ಕೆ ಷೇರು ಎಷ್ಟು ಪಟ್ಟು ಸ್ಪಂದಿಸುತ್ತದೆ ಎಂಬುದನ್ನು 60 ತಿಂಗಳ ಅಂಕಿಗಳ ರಿಗ್ರೆಷನ್‌ನಿಂದ ಅಂದಾಜಿಸಲಾಗಿದೆ, ಅದು 1.30.’ ‘ಮೇಲೆ’ ಹೋಯಿತು, ‘ಕ್ಕೆ’ ಬಂತು. ಹುಡುಗನಿಗೆ ಇದನ್ನಷ್ಟೇ ಕಳಿಸಿ ಮತ್ತೆ ಮಾಡಿಸಿದೆ. ಈ ಸಲ 1.30 ಬಂತು. 0.8ರಿಂದ 1.8 ಎಂಬುದನ್ನು ಅನುವಾದಕಿಯಾಗಿ ನಾನು ಸೇರಿಸುವಂತಿಲ್ಲ. ವರದಿ ಬರೆದವರಿಗೆ ಕೇಳಿ ಪತ್ರ ಹಾಕಿದ್ದೇನೆ.

‘ವೆಚ್ಚ’ಕ್ಕೆ ‘ಷೇರುದಾರರು ನಿರೀಕ್ಷಿಸುವ ಪ್ರತಿಫಲ ದರ’ ಎಂದು ಸದ್ಯಕ್ಕೆ ಹಾಕಿದ್ದೇನೆ. ಉದ್ದವಾಯಿತು, ಕೋಷ್ಟಕದ ಕಂಬದಲ್ಲಿ ಹಿಡಿಸುವುದಿಲ್ಲ. ತಾಯಿಯವರಿಗೆ ‘ಮನೆ ದುಡ್ಡಿನ ಬಡ್ಡಿ’ ಎಂದು ಬಾಯಲ್ಲಿ ಹೇಳಿದಾಗ ಕೂಡಲೇ ತಲೆಯಾಡಿಸಿದರು. ಬಡ್ಡಿ ಎನ್ನದೆ ಅಷ್ಟೇ ಚಿಕ್ಕದಾಗಿ ಹೇಳುವ ಮಾತು ಯಾರಿಗಾದರೂ ಹೊಳೆದರೆ ತಿಳಿಸಿ.