ಕೈರಲ್ ಕಾರ್ಬನ್ನೇ ಇಲ್ಲ, CH₂ ಯಾಕೆ ಎರಡಾಯ್ತು?

ಶ್ವೇತಾ (ಎಂ.ಎಸ್ಸಿ. ಎರಡನೇ ವರ್ಷ): ಸುಮಿತ್ರಾ ಮೇಡಂ, ಅಸಿಟಾಲ್ಡಿಹೈಡ್ ಡೈಈಥೈಲ್ ಅಸಿಟಾಲ್, CH₃CH(OCH₂CH₃)₂, ಇದರ ಪ್ರೋಟಾನ್ ಎನ್‌ಎಂಆರ್ ತೆಗೆಸಿದೆ. 400 ಮೆಗಾಹರ್ಟ್ಜ್, CDCl₃. OCH₂ಗೆ ಒಂದು ಕ್ವಾರ್ಟೆಟ್ ಬರುತ್ತೆ ಅಂದುಕೊಂಡಿದ್ದೆ. 3.64 ಮತ್ತು 3.48ರಲ್ಲಿ ಎರಡು ಗುಂಪು ಬಂದಿವೆ, ಒಂದೊಂದರಲ್ಲೂ ಎಂಟು ಗೆರೆ. ಗೈಡ್ ಸರ್ ಸ್ಯಾಂಪಲ್ ಗಲೀಜು ಅಂತಾರೆ. ಮಾಲಿಕ್ಯೂಲ್‌ನಲ್ಲಿ ಕೈರಲ್ ಸೆಂಟರ್ ಇಲ್ಲವಲ್ಲ?

ನಾಗರಾಜ್ (ನಿವೃತ್ತ ಉಪನ್ಯಾಸಕ): ಕೈರಲ್ ಸೆಂಟರ್ ಇಲ್ಲ ಅಂದರೆ CH₂ನ ಎರಡೂ ಹೈಡ್ರೋಜನ್ ಒಂದೇ. ಮತ್ತೆ ಡಿಸ್ಟಿಲ್ ಮಾಡಮ್ಮ.

ಸುಮಿತ್ರಾ (ಎನ್‌ಎಂಆರ್ ಲ್ಯಾಬ್): ಡಿಸ್ಟಿಲ್ ಮಾಡಬೇಡಿ, ಸ್ಯಾಂಪಲ್ ಚೆನ್ನಾಗಿಯೇ ಇದೆ. ಈ ಅಸಿಟಾಲ್ ಹೀಗೇ ಬರಬೇಕು.

ಒಂದು OCH₂ ಮೇಲೆ ನಿಂತು ನಡುವಿನ ಕಾರ್ಬನ್ ಕಡೆ ನೋಡಿ. ಅದಕ್ಕೆ ಒಂದು ಕಡೆ H, ಇನ್ನೊಂದು ಕಡೆ CH₃, ಹಿಂದೆ ಇನ್ನೊಂದು ಈಥಾಕ್ಸಿ. ನಿಮ್ಮ ಎಡಕ್ಕೂ ಬಲಕ್ಕೂ ಇರುವುದು ಬೇರೆ ಬೇರೆ. ಹಾಗಾಗಿ CH₂ನ ಎರಡು ಹೈಡ್ರೋಜನ್‌ಗಳ ನಡುವೆ ಕನ್ನಡಿ ಇಡೋಕೆ ಆಗಲ್ಲ.

ಈಗ ಕಾಗದದ ಮೇಲೆ ಒಂದು H ತೆಗೆದು D ಹಾಕಿ. ಆ CH₂ ಕಾರ್ಬನ್ ಕೈರಲ್ ಆಯ್ತು. ಅಷ್ಟೇ ಅಲ್ಲ, ನಡುವಿನ ಕಾರ್ಬನ್‌ಗೆ ಈಗ H, CH₃, ಸಾದಾ ಈಥಾಕ್ಸಿ, D ಇರುವ ಈಥಾಕ್ಸಿ, ನಾಲ್ಕೂ ಬೇರೆ. ಅದೂ ಕೈರಲ್. ಅದೇ CH₂ನ ಇನ್ನೊಂದು H ಬದಲಿಸಿದರೆ ಮೊದಲನೆಯ ಕಾರ್ಬನ್ ತಿರುಗುತ್ತೆ, ನಡುವಿನದು ಹಾಗೇ ಉಳಿಯುತ್ತೆ. ಎರಡು ಕೈರಲ್ ಕಾರ್ಬನ್‌ಗಳಲ್ಲಿ ಒಂದು ಮಾತ್ರ ಬದಲಾದರೆ ಸಿಗುವುದು ಡಯಾಸ್ಟೀರಿಯೊಮರ್ ಜೋಡಿ. ಆದ್ದರಿಂದ ಈ ಎರಡು ಹೈಡ್ರೋಜನ್ ಡಯಾಸ್ಟೀರಿಯೊಟೋಪಿಕ್. ಅವಕ್ಕೆ ಒಂದೇ ಶಿಫ್ಟ್ ಇರಬೇಕು ಅನ್ನೋ ಕಾರಣವೇ ಇಲ್ಲ.

ಎಂಟು ಗೆರೆಯ ಲೆಕ್ಕವೂ ಸರಿಯಾಗಿದೆ. ಪಕ್ಕದ CH₃ನಿಂದ 7 ಹರ್ಟ್ಜ್‌ನ ಕ್ವಾರ್ಟೆಟ್. ಜೊತೆಯ ಹೈಡ್ರೋಜನ್ ಈಗ ಬೇರೆ ಆದ್ದರಿಂದ ಅದರ 9.4 ಹರ್ಟ್ಜ್ ಕಪ್ಲಿಂಗ್ ಕೂಡ ಕಾಣುತ್ತೆ. ನಾಲ್ಕರ ಎರಡರಷ್ಟು ಎಂಟು.

ಹೋಲಿಕೆಗೆ ಡೈಈಥಾಕ್ಸಿಮೀಥೇನ್ ತೆಗೆಸಿ ನೋಡಿ. ಅಲ್ಲಿ ನಡುವಿನ ಕಾರ್ಬನ್‌ಗೆ ಎರಡೂ ಕಡೆ H. OCH₂ನ ಹೈಡ್ರೋಜನ್‌ಗಳು ಕನ್ನಡಿ ಪ್ರತಿಬಿಂಬದ ಜೋಡಿ, ಎನ್ಯಾಂಟಿಯೊಟೋಪಿಕ್. ಸಾಮಾನ್ಯ ಸಾಲ್ವೆಂಟ್‌ನಲ್ಲಿ ಒಂದೇ ಕ್ವಾರ್ಟೆಟ್. 2,2-ಡೈಈಥಾಕ್ಸಿಪ್ರೊಪೇನ್‌ನಲ್ಲಿ ಎರಡೂ ಕಡೆ CH₃, ಅಲ್ಲೂ ಒಂದೇ ಕ್ವಾರ್ಟೆಟ್. ಎರಡು ಕಡೆ ಬೇರೆಯಾದದ್ದು ನಿಮ್ಮದರಲ್ಲಿ ಮಾತ್ರ.

ಇರ್ಫಾನ್ (ಔಷಧ ಕಂಪನಿ, ಕ್ಯುಸಿ): ನಮ್ಮಲ್ಲೂ ಇದೇ ಗಲಾಟೆ ಆಗಿತ್ತು ಮೇಡಂ. ಒಮೆಪ್ರಜೋಲ್‌ನ SCH₂ ಎರಡು ಡಬ್ಲೆಟ್ ಆಗಿತ್ತು. ಒಬ್ಬರು ಇಂಪ್ಯೂರಿಟಿ ಅಂತ ಬರೆದೇ ಬಿಟ್ಟಿದ್ದರು. ಆದರೆ ನಮ್ಮದು ರೆಸಿಮಿಕ್. ಒಂದು ಡಬ್ಲೆಟ್ R ಐಸೊಮರ್‌ದು, ಇನ್ನೊಂದು S ಐಸೊಮರ್‌ದು ಅಲ್ವಾ?

ಸುಮಿತ್ರಾ: ಅಲ್ಲ. ಸಲ್ಫಾಕ್ಸೈಡ್‌ನ ಗಂಧಕವೇ ಕೈರಲ್. R ಒಂದೇ ಇದ್ದರೂ ಆ ಎರಡು ಡಬ್ಲೆಟ್ ಬರುತ್ತವೆ, S ಒಂದೇ ಇದ್ದರೂ ಅವೇ ಬರುತ್ತವೆ. ರೆಸಿಮಿಕ್‌ನಲ್ಲಿ ಒಂದರ ಮೇಲೊಂದು ಕೂರುತ್ತವೆ.

ಪ್ರಶಾಂತ್: ಮೇಡಂ, ಸಿಟ್ರಿಕ್ ಆಮ್ಲದ CH₂ ಕೂಡ ನಾಲ್ಕು ಗೆರೆ ಬರುತ್ತೆ, ಯಾಕೆ?

ಸುಮಿತ್ರಾ: ಅದೇ ಕಾರಣ. ಮೇಲೆ ಓದಿ.

ನಾಗರಾಜ್: ನಾನು ಒಪ್ಪಲ್ಲ. ಸಿಂಗಲ್ ಬಾಂಡ್ ಸುತ್ತುತ್ತಲೇ ಇರುತ್ತೆ, ಎಲ್ಲಾ ಸರಾಸರಿ ಆಗುತ್ತೆ. ಎರಡು ಕಂಡಿವೆ ಅಂದರೆ ಸುತ್ತೋದು ನಿಂತಿದೆ ಅಂತ ಅರ್ಥ.

ಇರ್ಫಾನ್: ಸರ್, ಈಥಾಕ್ಸಿ ಸುತ್ತೋದು ಕೋಣೆಯ ತಾಪಮಾನದಲ್ಲಿ ನಿಲ್ಲುತ್ತಾ? CH₃ದು ಬೇರೆ ಕಥೆ. ಮೂರನೇ ಒಂದು ಸುತ್ತಿಗೆ ಒಂದು H ಇನ್ನೊಂದರ ಜಾಗಕ್ಕೆ ಸರಿಯಾಗಿ ಬಂದು ಕೂರುತ್ತೆ. CH₂ ಎಷ್ಟು ಸುತ್ತಿದರೂ Hₐ ಯಾವತ್ತೂ H_bಯ ಜಾಗಕ್ಕೆ ಬರಲ್ಲ. ಎರಡಕ್ಕೂ ಸರಾಸರಿ ಇದೆ, ಆದರೆ ಎರಡು ಬೇರೆ ಸರಾಸರಿ.

ನಾಗರಾಜ್: ನಾನು ಪಾಠ ಮಾಡುವಾಗ ನೀನು ಹುಟ್ಟಿರಲಿಲ್ಲ.

ಇರ್ಫಾನ್: ಹುಟ್ಟಿದ ವರ್ಷಕ್ಕೂ ಕಪ್ಲಿಂಗ್‌ಗೂ ಸಂಬಂಧ ಇಲ್ಲ ಸರ್.

ಲತಾ: ಫಾರ್ವರ್ಡ್ ಬಂದಿತ್ತು: “CH₂ ಪೀಕ್ ಒಡೆದರೆ ಟ್ಯೂಬ್‌ಗೆ ಒಂದು ಹನಿ ಟ್ರೈಫ್ಲೋರೊಅಸಿಟಿಕ್ ಆಮ್ಲ ಹಾಕಿ 80 ಡಿಗ್ರಿಗೆ ಕಾಯಿಸಿ, ಒಂದಾಗುತ್ತೆ.” ಹಾಕಬಹುದಾ?

ಸುಮಿತ್ರಾ: ಹಾಕಬೇಡಿ. ಇದು ಅಸಿಟಾಲ್! ಆಮ್ಲ ಬಿದ್ದು ಸ್ವಲ್ಪ ನೀರಿನ ಅಂಶ ಇದ್ದರೆ ಅಸಿಟಾಲ್ಡಿಹೈಡ್ ಮತ್ತು ಈಥೈಲ್ ಆಲ್ಕೋಹಾಲ್ ಆಗಿ ಬೀಳುತ್ತೆ. ಆಲ್ಕೋಹಾಲ್‌ನ ಅಂದವಾದ ಕ್ವಾರ್ಟೆಟ್ 3.7ರ ಹತ್ತಿರ ಬರುತ್ತೆ, ನೀವು “ಒಂದಾಯ್ತು” ಅಂತ ಖುಷಿಪಡುತ್ತೀರಿ. 9.8ರಲ್ಲಿ ಆಲ್ಡಿಹೈಡ್ ಕಂಡರೆ ಸ್ಯಾಂಪಲ್ ಒಡೆದಿದೆ ಅಂತ ತಿಳಿಯಿರಿ. ಹಳೇ CDCl₃ನಲ್ಲಿರುವ ಆಮ್ಲದ ಅಂಶವೇ ಇದನ್ನು ಒಡೆಯೋಕೆ ಸಾಕು. ಬೇಸಿಕ್ ಅಲ್ಯೂಮಿನಾ ಮೂಲಕ ಸೋಸಿ ಬಳಸಿ.

80 ಡಿಗ್ರಿ ಅಂತೂ ಇನ್ನೂ ಕೆಟ್ಟದ್ದು. CDCl₃ ಕುದಿಯುವುದೇ 61ರ ಹತ್ತಿರ. ಮುಚ್ಚಿದ ಟ್ಯೂಬ್ ಪ್ರೋಬ್ ಒಳಗೆ ಸಿಡಿದರೆ ಆ ಬಿಲ್ ಫಾರ್ವರ್ಡ್ ಮಾಡಿದವರು ಕೊಡಲ್ಲ. ಕಾಯಿಸಲೇಬೇಕು ಅಂದರೆ ಟಾಲೀನ್-d₈. ಆಗಲೂ ಎರಡು ಗುಂಪಿನ ಅಂತರ ಹೆಚ್ಚುಕಡಿಮೆ ಆಗಬಹುದು, ಅಗಲವಾಗಿ ಕರಗಿ ಒಂದಾಗಲ್ಲ. ಅಕಸ್ಮಾತ್ ಶಿಫ್ಟ್‌ಗಳು ಒಂದೇ ಕಡೆ ಬಿದ್ದರೆ ಅದು ಕಾಕತಾಳೀಯ.

ಶ್ವೇತಾ: ಗೈಡ್ ಸರ್‌ಗೆ ಏನು ತೋರಿಸಲಿ ಮೇಡಂ? ಇನ್ನೊಂದು ಅನುಮಾನ: OCH₂ ಎರಡು ಇವೆ, ಹೈಡ್ರೋಜನ್ ನಾಲ್ಕು. ನಾಲ್ಕು ಗುಂಪು ಯಾಕೆ ಬರಲಿಲ್ಲ?

ಸುಮಿತ್ರಾ: ಇದು ಒಳ್ಳೆಯ ಪ್ರಶ್ನೆ. ನಡುವಿನ ಕಾರ್ಬನ್‌ನ H ಮತ್ತು CH₃ ಮೂಲಕ ಹೋಗುವ ಕನ್ನಡಿ ಎರಡು ಈಥಾಕ್ಸಿಗಳನ್ನು ಅದಲುಬದಲು ಮಾಡುತ್ತೆ. ಆ ಎರಡು ತೋಳುಗಳು ಎನ್ಯಾಂಟಿಯೊಟೋಪಿಕ್. ಈ ತೋಳಿನ ಒಂದು H, ಆ ತೋಳಿನ ತನ್ನ ಪ್ರತಿಬಿಂಬದ H ಜೊತೆ ಒಂದೇ ಕಡೆ ಬರುತ್ತೆ. ಅದಕ್ಕೇ 2H ಮತ್ತು 2H. ಅಂದರೆ 3.64ರಲ್ಲಿ ಒಂದು ತೋಳಿನ ಪ್ರೊ-R, ಇನ್ನೊಂದು ತೋಳಿನ ಪ್ರೊ-S ಒಟ್ಟಿಗೆ ಕೂತಿವೆ. ಕೈರಲ್ ಯುರೋಪಿಯಂ ಶಿಫ್ಟ್ ರಿಯೇಜೆಂಟ್ ಥರದ್ದು ಹಾಕಿದರೆ ಈ ಜೋಡಿಯೂ ಬೇರೆಯಾಗಬಹುದು. ಸುತ್ತಲಿನದೇ ಕೈರಲ್ ಆದಾಗ ಎನ್ಯಾಂಟಿಯೊಟೋಪಿಕ್ ಜೋಡಿಗೂ ಒಂದೇ ಇರಬೇಕಾದ ಕಟ್ಟುಪಾಡು ಹೋಗುತ್ತೆ.

ಗೈಡ್‌ಗೆ HSQC ತೋರಿಸಿ. ಎರಡೂ ಗುಂಪು 61 ಪಿಪಿಎಂ ಸುತ್ತಲಿನ ಒಂದೇ ಕಾರ್ಬನ್‌ಗೆ ಸೇರುತ್ತವೆ. ಇಂಪ್ಯೂರಿಟಿ ಆಗಿದ್ದರೆ ಸಾಮಾನ್ಯವಾಗಿ ಇನ್ನೊಂದು ಕಾರ್ಬನ್ ಇರುತ್ತಿತ್ತು, ಇಂಟಿಗ್ರೇಷನ್ ಸರಿಸಮ ಆಗುವುದೂ ಕಷ್ಟ.

ನಾಗರಾಜ್: ನಮ್ಮ ಕಾಲದ 60 ಮೆಗಾಹರ್ಟ್ಜ್ ಯಂತ್ರದಲ್ಲಿ ಇಷ್ಟು ಚಂದ ಎಂಟು ಗೆರೆ ಕಂಡಿಲ್ಲ.

ಸುಮಿತ್ರಾ: ಕಾಣೋಕೆ ಆಗಲ್ಲ ಸರ್. 0.16 ಪಿಪಿಎಂ ಅಂತರ 400ರಲ್ಲಿ 64 ಹರ್ಟ್ಜ್, 60ರಲ್ಲಿ 9.6. ಕಪ್ಲಿಂಗ್ 9.4, ಎಲ್ಲಾ ಕಲಸಿಹೋಗುತ್ತೆ.

ಪ್ರಶಾಂತ್: ಹಾಗಾದರೆ ಸಿಟ್ರಿಕ್ ಆಮ್ಲದಲ್ಲಿ ಕೈರಲ್ ಸೆಂಟರ್ ಇದೆಯಾ?

ಸುಮಿತ್ರಾ: ಇಲ್ಲ. ಮೂರನೇ ಸಲ ಕೇಳಬೇಡಿ.

ಲತಾ: ಒಂದು ಸ್ಯಾಂಪಲ್‌ಗೆ ನಿಮ್ಮ ಲ್ಯಾಬ್‌ನಲ್ಲಿ ಎಷ್ಟು ತಗೋತೀರಿ?

ಶ್ವೇತಾ: HSQC ಬಂತು. ಎರಡೂ ಒಂದೇ ಕಾರ್ಬನ್ ಮೇಲಿವೆ. ಗೈಡ್ ಸರ್ ನೋಡಿ “ಹೂಂ” ಅಂದರು, ಅಷ್ಟೇ. ಮೇಡಂ, 3.64ರದ್ದು CH₃ ಕಡೆಗಿರುವ ಹೈಡ್ರೋಜನ್ನಾ, H ಕಡೆಗಿರುವುದಾ?

ಇರ್ಫಾನ್: CH₃ ಕಡೆದೇ.

ನಾಗರಾಜ್: ಆಧಾರ?

ಸುಮಿತ್ರಾ: ಈ ಸ್ಪೆಕ್ಟ್ರಮ್ ಒಂದರಿಂದ ಹೇಳೋಕೆ ಆಗಲ್ಲ. ಸುತ್ತುತ್ತಿರುವ ತೋಳಿನಲ್ಲಿ “ಕಡೆ” ಅನ್ನೋದು ಖಾಯಂ ಅಲ್ಲ. ಇಬ್ಬರೂ ಊಹೆ ಮೇಲೆ ಜಗಳ ಆಡಬೇಡಿ.

ಇರ್ಫಾನ್: ಶುರು ಮಾಡಿದ್ದು ಅವರು.