ಗುಡ್ಡದ ಬಿರುಕಿಗೆ ಸ್ಕರ್ಟ್ ಸಾಕಾ?

ಮಂಜು: ಜಿಪಿಯು ಟೆಸಲೇಶನ್‌ನಲ್ಲಿ ಗುಡ್ಡದ ನೆಲವನ್ನು ಚೌಕ ಪ್ಯಾಚ್‌ಗಳಾಗಿ ಬರೆಸುತ್ತಿದ್ದೇನೆ. ದೊಡ್ಡ ಪ್ಯಾಚ್ ಮತ್ತು ಚಿಕ್ಕ ಪ್ಯಾಚ್ ಸೇರುವ ಕಡೆಯೆಲ್ಲ ಬಿರುಕು, ಅದರಲ್ಲಿ ಹಿಂದಿನ ಆಕಾಶ ಕಾಣುತ್ತಿದೆ. ಪ್ರತಿ ಪ್ಯಾಚಿನ ಸುತ್ತ ಸ್ಕರ್ಟ್, ಅಂದರೆ ಅಂಚಿನಿಂದ ಕೆಳಕ್ಕೆ ತ್ರಿಕೋನಗಳ ಪಟ್ಟಿ, ಇಳಿಬಿಟ್ಟು ಮುಗಿಸೋಣ ಅಂತಿದ್ದೇನೆ.

ಶಾಂತಲಾ: ಸ್ಕರ್ಟ್ ಹಾಕಿದರೆ ತೂತು ಮುಚ್ಚುತ್ತದೆ, ಅಂಚು ಸೇರುವುದಿಲ್ಲ ಕಣೋ. ಬೆಳಕು ಪಕ್ಕದಿಂದ ಬಿದ್ದಾಗ ಗೆರೆ ಕಂಡೇ ಕಾಣುತ್ತದೆ. ಅಂಚನ್ನು ಎಷ್ಟು ತುಂಡು ಮಾಡಬೇಕು ಅನ್ನುವ ಫ್ಯಾಕ್ಟರ್ ಹೇಗೆ ಲೆಕ್ಕ ಹಾಕುತ್ತೀಯ?

ಮಂಜು: ಅಂಚಿನ ನಡುಬಿಂದು ಕ್ಯಾಮೆರಾದಿಂದ ಎಷ್ಟು ದೂರ ಅಂತ ನೋಡಿಕೊಂಡು ಹಾಕುತ್ತೇನೆ. ಎಲ್ಲ ಪ್ಯಾಚ್‌ಗೂ ಒಂದೇ ಸೂತ್ರ.

ಶಾಂತಲಾ: ಸೂತ್ರ ಒಂದೇ ಸರಿ, ಅಂಚು ಒಂದೇ ಅಲ್ಲವಲ್ಲ! ದೊಡ್ಡದರ ಅಂಚು 64 ಮೀಟರ್, ಅದಕ್ಕೆ ಅಂಟಿಕೊಂಡಿರುವುದು 32 ಮೀಟರಿನ ಎರಡು ಅಂಚು. ಮೂರಕ್ಕೂ ನಡುಬಿಂದು ಬೇರೆ, ದೂರ ಬೇರೆ. ದೊಡ್ಡದಕ್ಕೆ 16 ಬಂದರೆ 4 ಮೀಟರಿಗೊಂದು ಬಿಂದು, ಆಗ ಚಿಕ್ಕವೆರಡಕ್ಕೂ 8 ಬರಲೇಬೇಕು. ನಿನ್ನಲ್ಲಿ ಒಂದಕ್ಕೆ 9, ಇನ್ನೊಂದಕ್ಕೆ 7 ಬರುತ್ತಿರಬಹುದು. ಬಿಂದುಗಳು ಎದುರುಬದುರು ಕೂರದಿದ್ದರೆ ಎತ್ತರ ಕೊಟ್ಟ ತಕ್ಷಣ ಬಾಯಿ ಬಿಡುತ್ತದೆ. ಚಿಕ್ಕ ಪ್ಯಾಚ್ ಕೂಡ ಉದ್ದ ಅಂಚಿನ ತುದಿಗಳನ್ನೇ ಹಿಡಿದು ಲೆಕ್ಕ ಹಾಕಿ, ಅರ್ಧ ಮಾಡಿಕೊಳ್ಳಲಿ:

```
float f = exp2(round(log2(EdgeFactor(longA, longB))));
f = clamp(f, 2, 64);
edge = neighbourIsBigger ? f * 0.5 : f;
```

ಪಕ್ಕದ ಪ್ಯಾಚ್‌ಗಳ ನಡುವೆ ಒಂದೇ ಹಂತದ ವ್ಯತ್ಯಾಸ ಇದ್ದರೆ ಇಷ್ಟು ಸಾಕು.

ಮಂಜು: ಹಾಗಾದರೆ `fractional_odd` ಬಿಡಬೇಕು. ಬಿಂದುಗಳು ಧಡಕ್ ಅಂತ ಜಿಗಿಯುತ್ತವೆ, ಅದು ಬಿರುಕಿಗಿಂತ ಅಸಹ್ಯ.

ಶಾಂತಲಾ: ಬಿಡಲೇಬೇಕು. ಬೆಸ ಸಂಖ್ಯೆಯ ತುಂಡು ಮಾಡಿದರೆ ಉದ್ದ ಅಂಚಿನ ನಟ್ಟನಡುವೆ ಬಿಂದುವೇ ಇರುವುದಿಲ್ಲ, ಚಿಕ್ಕವೆರಡು ಸೇರುವುದು ಅಲ್ಲೇ ಅಲ್ವಾ.

ಗಿರೀಶ: ಇಬ್ಬರೂ ಫ್ಯಾಕ್ಟರ್ ಹಿಡಿದುಕೊಂಡೇ ಕೂತಿದ್ದೀರಿ. ಬಿಂದುಗಳು ಎದುರುಬದುರು ಕೂತರೂ ಎತ್ತರ ಬೇರೆ ಬಂದರೆ ಬಿರುಕು ಬಿರುಕೇ. ಮಂಜು, ಡೊಮೇನ್ ಶೇಡರ್‌ನಲ್ಲಿ ಎತ್ತರದ ಚಿತ್ರದ ಯಾವ ಮಿಪ್ ಓದುತ್ತೀಯ?

ಮಂಜು: ಪ್ಯಾಚಿನ ಹಂತಕ್ಕೆ ತಕ್ಕ ಹಾಗೆ. ದೊಡ್ಡದಕ್ಕೆ 2, ಚಿಕ್ಕದಕ್ಕೆ 1.

ಗಿರೀಶ: ಅಂದರೆ ಒಂದೇ ಬಿಂದುವಿಗೆ ಒಂದು ಕಡೆ ಸವೆದ ಎತ್ತರ, ಇನ್ನೊಂದು ಕಡೆ ಚೂಪು ಎತ್ತರ. ಶಾಂತಲಾ ಹೇಳಿದ್ದನ್ನು ಹಾಕಿ, `SampleLevel`ಗೆ ಎಲ್ಲ ಕಡೆ 0 ಕೊಟ್ಟು ನೋಡು. ಬಿರುಕು ಹೋದರೆ ಉಳಿದ ತಪ್ಪು ಮಿಪ್‌ನದು, ಹೋಗದಿದ್ದರೆ ಫ್ಯಾಕ್ಟರ್ ಇನ್ನೂ ಹೊಂದಿಲ್ಲ. ಡಿಸ್‌ಪ್ಲೇಸ್‌ಮೆಂಟ್ ಸೊನ್ನೆ ಮಾಡಿ ಪರೀಕ್ಷೆ ಮಾಡಬೇಡ, ಸಪಾಟಾದಾಗ ಎರಡು ತಪ್ಪೂ ಅಡಗಿಕೊಳ್ಳುತ್ತವೆ. ಆಮೇಲೆ ಮಿಪ್ ಅನ್ನು ಪ್ಯಾಚಿನಿಂದ ತೆಗೆಯದೆ, ಎತ್ತುವ ಮೊದಲಿನ ಬಿಂದು ಕ್ಯಾಮೆರಾದಿಂದ ಎಷ್ಟು ದೂರ ಅನ್ನುವುದರಿಂದ ತೆಗಿ. ಎರಡೂ ಕಡೆ ಅದೇ ಬಿಂದು, ಅದೇ ದೂರ, ಅದೇ ಮಿಪ್.

ಮಂಜು: ಎತ್ತರದ ಚಿತ್ರದಲ್ಲಿ ಓದುವ ಜಾಗ, ಯುವಿ?

ಗಿರೀಶ: ಅದೂ ಲೋಕದ x, z ಇಂದಲೇ ಬರಲಿ. ಮೂಲೆಗಳು ಪೂರ್ಣ ಮೀಟರಿನಲ್ಲಿದ್ದು ಫ್ಯಾಕ್ಟರ್ 2ರ ಘಾತವಾಗಿದ್ದರೆ ಭಾಗ ಮಾಡಿದಾಗ ಫ್ಲೋಟ್‌ನ ಕೊನೆಯ ಬಿಟ್ ಕೂಡ ಬದಲಾಗುವುದಿಲ್ಲ. ಅಂಚಿನಲ್ಲಿ ಸಣ್ಣ ಚುಕ್ಕಿ ಮಿನುಗುತ್ತಿದ್ದರೆ ಅದೂ ನಿಲ್ಲುತ್ತದೆ.

ಮಂಜು: ಸರಿ, ಹತ್ತಿರದ ಪ್ಯಾಚ್‌ಗಳಿಗೆ ಹೀಗೆ ಮಾಡುತ್ತೇನೆ. ದೂರದವಕ್ಕೆ ಸ್ಕರ್ಟೇ.

ಶಾಂತಲಾ: ಅಲ್ಲೂ ಯಾಕೋ? ಅದೇ ಶೇಡರ್ ತಾನೇ ಓಡುವುದು! ಸುಮ್ನೆ ಜಾಸ್ತಿ ತ್ರಿಕೋನ ಯಾಕೆ ಬರೆಸುತ್ತೀಯ?